ಸೊಳ್ಳೆಬತ್ತಿಗೆ ಜ್ವಾಲೆಯೇ ಇಲ್ಲ, ಹಾಸಿಗೆ ಸುಡುವುದು ಹೇಗೆ?

"ಸೊಳ್ಳೆಬತ್ತಿ ಉರಿಯುವುದಿಲ್ಲ, ಬರೀ ಹೊಗೆಯಾಡುತ್ತದೆ. ಅದರಿಂದ ಹಾಸಿಗೆಗೆ ಬೆಂಕಿ ಹತ್ತುತ್ತದೆ ಎಂದರೆ ನಂಬುವುದು ಹೇಗೆ?"

ಮಳೆಗಾಲ ಮುಗಿದು ಪುಣೆಯಲ್ಲಿ ಸೊಳ್ಳೆ ಹೆಚ್ಚಿದ ಕೂಡಲೇ ಈ ಪ್ರಶ್ನೆ ಹಾಜರಾಗುತ್ತದೆ. ಈ ಸಲ ಕಾತ್ರಜ್‌ನ ಓದುಗರೊಬ್ಬರು ಪುರಾವೆಯನ್ನೂ ಒದಗಿಸಿದ್ದಾರೆ: ಅವರ ಖೋಲಿಯಲ್ಲಿ ಬತ್ತಿಯ ತುಂಡು ಎಷ್ಟೋ ಬಾರಿ ಕೆಳಗೆ ಬಿದ್ದು ತಾನಾಗಿಯೇ ಆರಿಹೋಗಿದೆಯಂತೆ.

ಆರಿರಬಹುದು, ಆದರೆ ಅದು ನೆಲದ ಗುಣ, ಬತ್ತಿಯ ಗುಣವಲ್ಲ. ಶಹಾಬಾದ್ ಫರಸಿಯ ಮೇಲೆ ಬಿದ್ದ ಕೆಂಡದ ಶಾಖವನ್ನು ಕಲ್ಲು ಹೀರಿಕೊಳ್ಳುತ್ತದೆ, ಕೆಂಡ ತಣ್ಣಗಾಗುತ್ತದೆ. ಅದೇ ತುಂಡು ಹತ್ತಿಯ ಗಾದಿಯ ಮೇಲೆ ಬಿದ್ದರೆ ಕಥೆಯೇ ಬೇರೆ. ಹತ್ತಿಯ ಎಳೆಗಳ ನಡುವೆ ತುಂಬಿರುವ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ, ಆದರೆ ಕೆಂಡಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಕೊಡುತ್ತಾ ಇರುತ್ತದೆ. ಬತ್ತಿಯ ತುದಿ ಜ್ವಾಲೆಯಿಲ್ಲದಿದ್ದರೂ ನೂರಾರು ಡಿಗ್ರಿ ಬಿಸಿ ಇರುತ್ತದೆ. ಹತ್ತಿ ಕನಲಲು, ಅಂದರೆ ಜ್ವಾಲೆಯಿಲ್ಲದೆ ಕೆಂಡವಾಗಿ ಸುಡಲು, ಅಷ್ಟು ಸಾಕು. ಬತ್ತಿ ಆರಿದ ಮೇಲೂ ಹತ್ತಿ ತಾನೇ ಕನಲುತ್ತಾ, ಗಂಟೆಗೆ ಕೆಲವೇ ಸೆಂಟಿಮೀಟರ್‌ನಂತೆ ಒಳಗೊಳಗೇ ಹರಡುತ್ತದೆ. ಮೇಲಿನಿಂದ ನೋಡಿದರೆ ಹೊದಿಕೆಯಲ್ಲಿ ಕಂದು ಅಂಚಿನ ಒಂದು ಸಣ್ಣ ತೂತು, ಅಷ್ಟೇ.

ಜ್ವಾಲೆ ಕೊನೆಗೆ ಬಂದೇ ಬರಬಹುದು. ಕನಲು ಗಾದಿಯ ಅಂಚನ್ನು ತಲುಪಿದಾಗಲೋ, ಯಾರೋ ಬಾಗಿಲು ತೆರೆದು ಗಾಳಿ ನುಗ್ಗಿದಾಗಲೋ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆದರೆ ಅಷ್ಟರವರೆಗೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಕನಲುವ ಹತ್ತಿ ಅರೆಬರೆ ಸುಡುವುದರಿಂದ ಕಾರ್ಬನ್ ಮೊನಾಕ್ಸೈಡ್ ಹೊರಬೀಳುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸುವುದಿಲ್ಲ. 2023ರ ಮಾರ್ಚ್ 31ರಂದು ದೆಹಲಿಯ ಶಾಸ್ತ್ರಿ ಪಾರ್ಕ್‌ನ ಒಂದು ಮನೆಯಲ್ಲಿ ಆರು ಮಂದಿ ಸತ್ತರು. ರಾತ್ರಿ ಸೊಳ್ಳೆಬತ್ತಿ ಹಾಸಿಗೆಯ ಮೇಲೆ ಬಿದ್ದಿತ್ತು, ವಿಷಗಾಳಿ ಕುಡಿದು ಮಲಗಿದ್ದವರ ಪ್ರಜ್ಞೆ ತಪ್ಪಿತು ಎಂದು ಪೊಲೀಸರು ಹೇಳಿದ್ದರು. ಹೊಗೆ ಬಂದರೆ ಎಚ್ಚರವಾಗುತ್ತದೆ ಎಂದು ವಾದಿಸುವವರಿಗೆ ನಾನು ಪ್ರತಿ ವರ್ಷವೂ ಇದನ್ನೇ ಹೇಳುತ್ತೇನೆ.

ಬತ್ತಿ ಬೀಳುವುದಾದರೂ ಏಕೆ? ಜೋಡಿ ಬತ್ತಿಗಳನ್ನು ಬಿಡಿಸುವಾಗ ಸುರುಳಿಯಲ್ಲಿ ಎಲ್ಲೋ ಬಿರುಕು ಬಿಡುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ. ನಡುರಾತ್ರಿ ಅದು ಮುರಿದರೆ ಉರಿಯುವ ತುದಿಯ ಸಮೇತ ತುಂಡು ಕಳಚಿಕೊಳ್ಳುತ್ತದೆ. ತೆಳ್ಳನೆಯ ತಗಡಿನ ಸ್ಟ್ಯಾಂಡ್ ಅದನ್ನು ಹಿಡಿಯಲಾರದು. ಅಗಲವಾದ ಸ್ಟೀಲ್ ತಟ್ಟೆಯ ನಡುವೆ ಸ್ಟ್ಯಾಂಡ್ ಇಟ್ಟು, ತಟ್ಟೆಯನ್ನು ಫರಸಿಯ ಮೇಲೆ, ಗಾದಿ, ಪರದೆ, ಸೊಳ್ಳೆಪರದೆಗಳಿಂದ ಒಂದು ಮೀಟರಾದರೂ ದೂರವಿಡಿ. ಮಂಚದ ಕೆಳಗೆ ಮಾತ್ರ ಬೇಡ. ರೂಮ್ ಹೀಟರ್‌ಗೂ ಇದೇ ಅಂತರ. ಅದಕ್ಕಿಂತ ಹತ್ತಿರವಿದ್ದರೆ ಪಾಲಿಯೆಸ್ಟರ್ ಪರದೆ ಕರಗಿ, ಹೊತ್ತಿಕೊಂಡು, ಹನಿಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ.

ಗಾದಿ ಕನಲಿದ್ದು ಗೊತ್ತಾದರೆ ಒಂದು ಚೊಂಬು ನೀರು ಚೆಲ್ಲಿ ಮತ್ತೆ ಮಲಗಬೇಡಿ. ಮೇಲಿನ ನೀರು ಒಳಗಿನ ಕೆಂಡವನ್ನು ತಲುಪದೆ, ಅದು ಬೆಳಗಿನ ಜಾವ ಪುನಃ ಏಳುತ್ತದೆ. ಕನಲು ಅಂಗೈಯಗಲದಷ್ಟೇ ಇದ್ದರೆ ಗಾದಿಯನ್ನು ಹೊರಗೆ ಎಳೆದು, ಸೀಳಿ, ಒಳಗಿನ ಹತ್ತಿಯನ್ನೆಲ್ಲ ತೋಯಿಸಿ ಅಲ್ಲೇ ಬಿಡಿ. ಖೋಲಿಯಲ್ಲಿ ಹೊಗೆ ತುಂಬಿದ್ದರೆ ಗಾದಿಯ ಗೊಡವೆ ಬೇಡ, ಎಲ್ಲರನ್ನೂ ಎಬ್ಬಿಸಿ ಹೊರಬಂದು 101ಕ್ಕೆ ಕರೆ ಮಾಡಿ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದು ವಿಷಯ. ನೀರು ಕಾಯಿಸುವ ರಾಡ್ ಮರೆತರೆ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ತಾನಾಗಿ ಬೀಳುತ್ತದಲ್ಲವೇ ಎಂದು ಧೈರ್ಯವಾಗಿರುವವರು ಬಹಳ. ಬೀಳುವುದಿಲ್ಲ. ಎಂಸಿಬಿ ನೋಡುವುದು ಕರೆಂಟ್ ಮಿತಿ ಮೀರಿತೇ ಎಂಬುದನ್ನು ಮಾತ್ರ. 1500 ವ್ಯಾಟ್ ರಾಡ್ ನೀರಿನಲ್ಲಿದ್ದರೂ ಗಾಳಿಯಲ್ಲಿದ್ದರೂ ಎಳೆಯುವುದು ಸುಮಾರು ಆರೂವರೆ ಆಂಪಿಯರ್. ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. 20 ಲೀಟರ್ ಬಕೆಟ್ಟಿನ ನೀರು ಸ್ನಾನಕ್ಕೆ ತಯಾರಾಗಲು ಅರ್ಧ ಗಂಟೆ ಬೇಕಿಲ್ಲ, ಒಂದೂವರೆ ಗಂಟೆಯೊಳಗೆ ಅದು ಕುದಿಯುತ್ತದೆ, ಆಮೇಲೆ ಗಂಟೆಗೆ ಎರಡು ಲೀಟರಿನಷ್ಟು ಆವಿಯಾಗುತ್ತದೆ. ರಾಡಿನ ಸುರುಳಿ ನೀರಿನಿಂದ ಮೇಲೆ ಬಂದ ಮೇಲೆ ಕೆಂಪಗೆ ಕಾದು ಪ್ಲಾಸ್ಟಿಕ್ ಬಕೆಟ್ಟನ್ನು ಕರಗಿಸುತ್ತದೆ. ಪಕ್ಕದ ಹಗ್ಗದಲ್ಲಿ ಟವೆಲ್ ನೇತಾಡುತ್ತಿದ್ದರೆ ಮುಂದಿನದು ಹೇಳಬೇಕಿಲ್ಲ.

ಪುಣೆಯವರಿಗೆ ಗುರುವಾರದ ಕಾಟ ಗೊತ್ತೇ ಇದೆ. ರಾಡ್ ಹಾಕುತ್ತಿದ್ದಂತೆ ದುರಸ್ತಿಗೆಂದು ಕರೆಂಟ್ ತೆಗೆಯುತ್ತಾರೆ, ತಣ್ಣೀರು ಸುರಿದುಕೊಂಡು ಕೆಲಸಕ್ಕೆ ಹೊರಡುತ್ತೀರಿ, ಸ್ವಿಚ್ ಆನ್ ಆಗಿಯೇ ಇರುತ್ತದೆ. ಮಧ್ಯಾಹ್ನ ಕರೆಂಟ್ ಬಂದಾಗ ಮನೆಗೆ ಬೀಗ. ಅದಕ್ಕೇ ಕರೆಂಟ್ ಹೋದ ಕ್ಷಣವೇ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ರಾಡನ್ನು ಗೋಡೆಯ ಮೊಳೆಗೆ ತೂಗುಹಾಕಿ.