ಐದು ಸೆಕೆಂಡಿನಲ್ಲಿ ಸ್ಲೈಡ್ ಏನು ಹೇಳಿತು?

ಸ್ಲೈಡ್ ಮಾಡಿದವರಿಗೆ ಅದು ಯಾವತ್ತೂ ಸ್ಪಷ್ಟವಾಗಿಯೇ ಕಾಣುತ್ತದೆ. ಎಲ್ಲಿ ನೋಡಬೇಕು ಅಂತ ಅವರಿಗೆ ಮೊದಲೇ ಗೊತ್ತಲ್ವಾ! ಅದಕ್ಕೇ ವಿಷಯ ಗೊತ್ತಿಲ್ಲದ ಒಬ್ಬರಿಗೆ ಸ್ಲೈಡನ್ನು ಐದು ಸೆಕೆಂಡು ತೋರಿಸಿ, ಮರೆಮಾಡಿ, ಏನು ಹೇಳಿತು ಎಂದು ಕೇಳುತ್ತಾರೆ. ವೆಬ್‌ಸೈಟ್ ವಿನ್ಯಾಸ ಮಾಡುವವರು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ.

ಇಷ್ಟು ಕಡಿಮೆ ಸಮಯ ಯಾಕೆ? ಮೀಟಿಂಗಿನಲ್ಲಿ ಹೊಸ ಸ್ಲೈಡ್ ಬಂದ ಕೂಡಲೇ ಎಲ್ಲರ ಕಣ್ಣು ಪರದೆಯ ಮೇಲೆ ಹೋಗುತ್ತದೆ. ವಿಷಯ ಸಿಕ್ಕಿದರೆ ಕೆಲವೇ ಕ್ಷಣದಲ್ಲಿ ಮಾತಿನ ಕಡೆ ತಿರುಗುತ್ತಾರೆ. ಸಿಗದಿದ್ದರೆ ಹುಡುಕುತ್ತಲೇ ಇರುತ್ತಾರೆ. ಓದುವುದು ಮತ್ತು ಕೇಳಿಸಿಕೊಳ್ಳುವುದು ಒಟ್ಟಿಗೆ ನಡೆಯುವುದು ಕಷ್ಟ, ಹಾಗಾಗಿ ಆ ಹೊತ್ತಿನಲ್ಲಿ ನೀವು ಹೇಳಿದ್ದು ಹೋದಂತೆಯೇ. ಕೆಲವರು ಮೂರೇ ಸೆಕೆಂಡು ಸಾಕು ಅನ್ನುತ್ತಾರೆ. ಕನ್ನಡ ಸ್ಲೈಡಿಗೆ ಐದು ಕೊಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಪ್ರತ್ಯಯಗಳು ಅಂಟಿಕೊಂಡು ನಮ್ಮ ಪದಗಳು ಉದ್ದವಾಗುತ್ತವೆ, ಒತ್ತಕ್ಷರಗಳು ಸಣ್ಣ ಅಕ್ಷರದಲ್ಲಿ ಕಲಸಿಹೋಗುತ್ತವೆ.

ತೋರಿಸುವ ಮೊದಲು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಪರೀಕ್ಷೆಗೆ ಮುಂಚೆಯೇ ಇದೆ. ಪ್ರತಿ ಸ್ಲೈಡ್ ಏನು ಹೇಳಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಒಂದೊಂದು ಪೂರ್ತಿ ವಾಕ್ಯವಾಗಿ ಬರೆದಿಡಿ. ಇದನ್ನು ಬಿಟ್ಟರೆ ಏನಾಗುತ್ತದೆ? ಹಾಸ್ಟೆಲ್ ಊಟದ ಸ್ಲೈಡ್ ನೋಡಿದ ಓದುಗ "ಮೆಸ್ ಊಟದ ಬಗ್ಗೆ" ಅಂದರೂ ನಿಮಗೆ ಸರಿ ಅನಿಸುತ್ತದೆ, "ಊಟ ವ್ಯರ್ಥವಾಗುತ್ತಿದೆ" ಅಂದರೂ ಸರಿ ಅನಿಸುತ್ತದೆ. ಉತ್ತರ ಕೇಳಿದ ಮೇಲೆ, ನಾನು ಹೇಳಬೇಕೆಂದಿದ್ದೂ ಅದೇ ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಬರೆದ ವಾಕ್ಯ ಕಣ್ಣೆದುರು ಇದ್ದರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ವಾಕ್ಯ ಬರೆಯಲಿಕ್ಕೇ ಆಗದ ಸ್ಲೈಡ್ ಇದ್ದರೆ ಅದನ್ನು ಪರೀಕ್ಷಿಸುವ ಅಗತ್ಯವೂ ಇಲ್ಲ. ಅದರಲ್ಲಿ ಹೇಳಲು ಏನಿದೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ ಅಷ್ಟೇ.

ಪವರ್‌ಪಾಯಿಂಟ್‌ನಲ್ಲಿ ಸಮಯ ಹಿಡಿಯುವುದು ಸುಲಭ. ಸ್ಲೈಡ್ ಆಯ್ಕೆ ಮಾಡಿ, `Transitions` ಟ್ಯಾಬಿನಲ್ಲಿ `After` ಮುಂದೆ `00:05.00` ಹಾಕಿ, `On Mouse Click` ಗುರುತನ್ನು ತೆಗೆಯಿರಿ. ಪ್ರತಿ ಸ್ಲೈಡಿನ ನಂತರ ಒಂದು ಖಾಲಿ ಕಪ್ಪು ಸ್ಲೈಡ್ ಸೇರಿಸಿ. ಅದು ಮಾತ್ರ ಕ್ಲಿಕ್ ಮಾಡಿದಾಗಲೇ ಮುಂದೆ ಹೋಗಲಿ. ನೀವು ಪ್ರಶ್ನೆ ಕೇಳುವುದು ಆ ಕಪ್ಪು ಪರದೆ ಇರುವಾಗ.

ಓದುಗ ಯಾರಾಗಬೇಕು? ನಿಜವಾದ ಸಭಿಕರಷ್ಟೇ ವಿಷಯ ಗೊತ್ತಿರುವವರು, ಆದರೆ ಈ ಸ್ಲೈಡನ್ನು ಒಮ್ಮೆಯೂ ನೋಡಿರದವರು. ನಿಮ್ಮ ತಂಡದವರು ಬೇಡ. ಸಭಿಕರಿಗೆ ಮೊದಲೇ ತಿಳಿದಿರುವಷ್ಟನ್ನು ಒಂದು ಸಾಲಿನಲ್ಲಿ ಹೇಳಿ, ಅದಕ್ಕಿಂತ ಜಾಸ್ತಿ ಬೇಡ. ಜೊತೆಗೆ, ಪರೀಕ್ಷೆ ನಡೆಯುತ್ತಿರುವುದು ಸ್ಲೈಡಿಗೆ, ನಿಮಗಲ್ಲ ಎಂದು ತಿಳಿಸಿ. ಇಲ್ಲದಿದ್ದರೆ ಅವರು ಪರೀಕ್ಷೆಗೆ ಕೂತವರಂತೆ ಎಲ್ಲವನ್ನೂ ಬಾಯಿಪಾಠ ಮಾಡಲು ಹೊರಡುತ್ತಾರೆ.

ಒಂದು ಸ್ಲೈಡಿನ ಕಥೆ

ಉದಾಹರಣೆಗೆ ಒಂದು ಕಲ್ಪಿತ ಡೆಕ್, ಅಂದರೆ ಸ್ಲೈಡುಗಳ ಸರಣಿ, ತೆಗೆದುಕೊಳ್ಳೋಣ. ಹಾಸ್ಟೆಲ್ ವಿದ್ಯಾರ್ಥಿಗಳು ವಾರ್ಡನ್ ಮುಂದೆ ಇಡಬೇಕಾದದ್ದು. ಎರಡನೇ ಸ್ಲೈಡಿಗೆ ಅವರು ಬರೆದಿಟ್ಟ ವಾಕ್ಯ ಹೀಗಿದೆ: "ಶುಕ್ರವಾರ, ಶನಿವಾರ ರಾತ್ರಿ ಅನ್ನ ಜಾಸ್ತಿ ವ್ಯರ್ಥವಾಗುತ್ತದೆ, ಊರಿಗೆ ಹೋಗುವವರು ಮೆಸ್‌ಗೆ ಮುಂಚೆ ತಿಳಿಸದಿರುವುದೇ ಕಾರಣ."

ಸ್ಲೈಡಿನ ಮೇಲೆ "ಆಹಾರ ವ್ಯರ್ಥ: ಒಂದು ವಿಶ್ಲೇಷಣೆ" ಎಂಬ ಶೀರ್ಷಿಕೆ ಇದೆ. ಕೆಳಗೆ ಏಳು ದಿನ, ಮೂರು ಹೊತ್ತಿನ ಲೆಕ್ಕದಲ್ಲಿ 21 ಕಂಬಗಳ ಚಾರ್ಟ್. ತಿಂಡಿಗೆ ಕೆಂಪು, ಮಧ್ಯಾಹ್ನಕ್ಕೆ ನೀಲಿ, ರಾತ್ರಿಗೆ ಬೂದು. ಬಲಗಡೆ ಚೌಕದಲ್ಲಿ ದೊಡ್ಡದಾಗಿ "ತಿಂಗಳಿಗೆ 620 ಕೆ.ಜಿ."

ಐದು ಸೆಕೆಂಡು ಕಳೆಯಿತು, ಪರದೆ ಕಪ್ಪಾಯಿತು. ಮೊದಲ ಪ್ರಶ್ನೆ: "ಈ ಸ್ಲೈಡ್ ನಿಮಗೆ ಏನು ಹೇಳಿತು?" ಎರಡನೆಯದು: "ಮೊದಲು ಕಣ್ಣಿಗೆ ಬಿದ್ದದ್ದು ಯಾವುದು?" ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ತಿದ್ದಬಾರದು. "ಅರ್ಥ ಆಯ್ತಾ?" ಎಂದು ಮಾತ್ರ ಕೇಳಬೇಡಿ. ಮರ್ಯಾದೆಗೆ ಎಲ್ಲರೂ ಹೂಂ ಅನ್ನುತ್ತಾರೆ. "ಚೆನ್ನಾಗಿದೆಯಾ?" ಅನ್ನುವುದೂ ಬೇಡ, ಅದು ಬೇರೆಯೇ ಪ್ರಶ್ನೆ.

ಒಬ್ಬರು ಹೇಳಬಹುದು: "ಊಟ ವೇಸ್ಟ್ ಆಗೋದರ ಬಗ್ಗೆ. 620 ಕೆ.ಜಿ. ಅಂತ ಇತ್ತು." ಇನ್ನೊಬ್ಬರು: "ತಿಂಡಿ ಜಾಸ್ತಿ ಹಾಳಾಗುತ್ತೆ ಅನಿಸುತ್ತೆ." ಎರಡೂ ಸೋಲೇ, ಆದರೆ ಕಾರಣ ಬೇರೆ ಬೇರೆ. ಮೊದಲನೆಯವರಿಗೆ ವಿಷಯ ಸಿಕ್ಕಿದೆ, ಮಾತು ಸಿಕ್ಕಿಲ್ಲ. ಯಾಕೆಂದರೆ ಶೀರ್ಷಿಕೆಯಲ್ಲಿ ಇರುವುದೂ ಬರೀ ವಿಷಯ. ಎರಡನೆಯವರನ್ನು ಬಣ್ಣ ದಾರಿ ತಪ್ಪಿಸಿದೆ. ಬಣ್ಣ ಮತ್ತು ಗಾತ್ರದ ವ್ಯತ್ಯಾಸವನ್ನು ಕಣ್ಣು ಓದುವ ಮೊದಲೇ ಹಿಡಿಯುತ್ತದೆ. ಕೆಂಪು ಎಲ್ಲಿದೆಯೋ ಮುಖ್ಯವಾದದ್ದು ಅಲ್ಲಿದೆ ಅಂದುಕೊಳ್ಳುವುದು ಸಹಜ. ರಾತ್ರಿ ಊಟ ಇಲ್ಲಿ ಬೂದು ಬಣ್ಣದಲ್ಲಿ ಅಡಗಿ ಕೂತಿದೆ.

ಈಗ ತಿದ್ದುಪಡಿ. ಶೀರ್ಷಿಕೆ "ಶುಕ್ರವಾರ, ಶನಿವಾರ ರಾತ್ರಿ ಅನ್ನ ಜಾಸ್ತಿ ವ್ಯರ್ಥ" ಎಂದಾಗುತ್ತದೆ. ರಾತ್ರಿಯ ಏಳು ಕಂಬಗಳಷ್ಟೇ ಉಳಿಯುತ್ತವೆ. ಅವುಗಳಲ್ಲಿ ಐದು ಬೂದು, ಎರಡು ಕೆಂಪು. 620 ಕೆ.ಜಿ. ಮೊದಲ ಸ್ಲೈಡಿಗೆ ಹೋಗುತ್ತದೆ.

ತಿದ್ದಿದ್ದನ್ನು ಮತ್ತೆ ಅದೇ ಇಬ್ಬರಿಗೆ ತೋರಿಸಿದರೆ ಉಪಯೋಗವಿಲ್ಲ. ಒಬ್ಬ ವ್ಯಕ್ತಿ ಒಂದು ಸ್ಲೈಡಿಗೆ ಹೊಸಬರಾಗಿರುವುದು ಒಂದೇ ಸಲ. ಅದಕ್ಕೇ ಇರುವ ಜನರನ್ನೆಲ್ಲ ಮೊದಲ ಕರಡಿಗೇ ಖರ್ಚು ಮಾಡಬಾರದು. ಒಂದು ಸುತ್ತಿಗೆ ಇಬ್ಬರು ಮೂವರು ಸಾಕು. ಇಬ್ಬರು ಒಂದೇ ಕಡೆ ಎಡವಿದರೆ ಮೂರನೆಯವರಿಗೆ ಕಾಯದೆ ತಿದ್ದಿ.

ಹೊಸ ಓದುಗ ಈಗ ಹೇಳುತ್ತಾರೆ ಅಂದುಕೊಳ್ಳಿ: "ವಾರದ ಕೊನೆಗೆ ರಾತ್ರಿ ಅನ್ನ ಉಳಿಯುತ್ತೆ." ಚೆನ್ನಾಗಿ ತಲುಪಿತು. ಆದರೆ ಬರೆದಿಟ್ಟ ವಾಕ್ಯದ ಅರ್ಧ ಮಾತ್ರ. ಮುಂಚೆ ತಿಳಿಸದಿರುವುದು ಕಾರಣ ಅನ್ನುವುದು ಬರಲೇ ಇಲ್ಲ. ಅದನ್ನು ಇದೇ ಸ್ಲೈಡಿನಲ್ಲಿ ತುರುಕಲು ಹೋದರೆ ಮೊದಲಿನ ಅರ್ಧವೂ ಕಳೆದುಹೋಗಬಹುದು. ಕಾರಣಕ್ಕೆ ಮುಂದಿನ ಸ್ಲೈಡ್ ಕೊಡುವುದೇ ಸರಿ. ಇಲ್ಲಿ ತಪ್ಪು ಇದ್ದದ್ದು ಚಿತ್ರದಲ್ಲಲ್ಲ, ಒಂದು ವಾಕ್ಯದಲ್ಲಿ ಎರಡು ಮಾತು ಸೇರಿಸಿದ್ದರಲ್ಲಿ.

ಫಲಿತಾಂಶವನ್ನು ಎಷ್ಟು ನಂಬಬೇಕು

ಪೂರ್ತಿ ಡೆಕ್ ತೋರಿಸುವಾಗ ಒಂದು ಮೋಸ ನಡೆಯುತ್ತದೆ. ಎರಡು ಮೂರು ಸ್ಲೈಡ್ ಆಗುವಷ್ಟರಲ್ಲಿ ಓದುಗರಿಗೆ ಪ್ರಶ್ನೆ ಏನೆಂದು ಗೊತ್ತಾಗಿ, ನೇರ ಶೀರ್ಷಿಕೆ ಓದಲು ಶುರು ಮಾಡುತ್ತಾರೆ. ಹಿಂದಿನ ಸ್ಲೈಡ್ ನೋಡಿ ಮುಂದಿನದನ್ನು ಊಹಿಸಲೂಬಹುದು. ಹಾಗಾಗಿ ಕೊನೆಯ ಸ್ಲೈಡುಗಳು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತವೆ. ಎರಡನೇ ಓದುಗರಿಗೆ ಡೆಕ್ಕಿನ ಮಧ್ಯದಿಂದ ಶುರು ಮಾಡಿ ನೋಡಿ. ಮೊದಲಿನವರಿಗೆ ತಲುಪಿದ ಸ್ಲೈಡ್ ಇವರಿಗೆ ತಲುಪದಿದ್ದರೆ, ಅದು ನಿಂತಿದ್ದು ಹಿಂದಿನ ಸ್ಲೈಡಿನ ಬಲದ ಮೇಲೆ. ಅದು ಕೆಲವೊಮ್ಮೆ ಪರವಾಗಿಲ್ಲ, ಆದರೆ ನಿಮಗೆ ಗೊತ್ತಿರಬೇಕು. ಆ ಸ್ಲೈಡನ್ನು ಮುಂದೆ ಬೇರೆ ಡೆಕ್ಕಿಗೆ ಹಾಕಿದರೆ ಕೈಕೊಡುತ್ತದೆ.

ಎಲ್ಲ ಸ್ಲೈಡಿಗೂ ಈ ಅಳತೆ ಹೊಂದುವುದಿಲ್ಲ. ಬಜೆಟ್ ಪಟ್ಟಿ, ಕಟ್ಟಡದ ನಕ್ಷೆ, ಮೇಲ್‌ನಲ್ಲಿ ಕಳಿಸಿ ನಿಧಾನ ಓದುವ ಡೆಕ್, ಇವೆಲ್ಲ ಐದು ಸೆಕೆಂಡಿಗೆ ಮಾಡಿದವಲ್ಲ. ಅಂಥವುಗಳಿಗೆ ಪ್ರಶ್ನೆ ಬದಲಿಸಿ: "ಇದು ಯಾವುದರ ಪಟ್ಟಿ? ಎಲ್ಲಿಂದ ಓದಲು ಶುರು ಮಾಡುತ್ತೀರಿ?" ಇಷ್ಟಕ್ಕೆ ಸರಿಯಾದ ಉತ್ತರ ಬಂದರೆ ಸಾಕು.

ಮಾತು ತಲುಪಿದ್ದು ಬೇರೆ, ಒಪ್ಪಿದ್ದು ಬೇರೆ. ವಾರಾಂತ್ಯದ ರಾತ್ರಿ ಅನ್ನ ಉಳಿಯುತ್ತದೆ ಅಂತ ಓದುಗರು ಸರಿಯಾಗಿ ಹೇಳಿದರೂ, ವಾರ್ಡನ್ ಅದನ್ನು ನಂಬುತ್ತಾರೋ ಇಲ್ಲವೋ ಈ ಪರೀಕ್ಷೆ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಸ್ಲೈಡನ್ನು ಸಮಯದ ಮಿತಿ ಇಲ್ಲದೆ ಮತ್ತೆ ತೆರೆದು, "ಇದರಲ್ಲಿ ನಿಮಗೆ ಅನುಮಾನ ಬರುವ ಜಾಗ ಯಾವುದು?" ಎಂದು ಕೇಳಿ. ಎಷ್ಟು ವಾರ ತೂಕ ಮಾಡಿದಿರಿ, ಯಾರು ತೂಗಿದರು ಅನ್ನುವಂಥ ಪ್ರಶ್ನೆಗಳು ಆಗ ಹೊರಗೆ ಬರುತ್ತವೆ.