ಪಟ್ಟೆ ಕಾಣದಿದ್ದರೆ ಬಾಲ ನೋಡಿ: ಫೋಟೋದಲ್ಲಿ ಮೂರು ಬಗೆಯ ಅಳಿಲು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ತೆಗೆದ ಅಳಿಲಿನ ಫೋಟೋಗಳ ಕೆಳಗೆ ಒಂದೇ ಬಗೆಯ ತಪ್ಪು ಹೆಸರು ಮತ್ತೆ ಮತ್ತೆ ಕಾಣುತ್ತದೆ. ಬೆನ್ನ ಮೇಲೆ ಪಟ್ಟೆ ಇಲ್ಲ, ಗಾತ್ರ ದೊಡ್ಡದು, ಬಾಲ ಉದ್ದ, ಹಾಗಾದರೆ ಇದು ಹಾರುವ ಅಳಿಲೇ ಇರಬೇಕು ಎಂಬ ತೀರ್ಮಾನ. ಬಹುಪಾಲು ಸಲ ಅದು ಹಗಲಿನಲ್ಲಿ ಓಡಾಡುವ ಕೆಂದಳಿಲು. ಇದರ ತಿರುಗುಮುರುಗಾದ ತಪ್ಪೂ ಇದೆ: ಬೆಳಕಿಗೆ ಎದುರಾಗಿ ಕೂತ ಸಾಮಾನ್ಯ ಅಳಿಲಿನ ಪಟ್ಟೆಗಳು ನೆರಳಿನಲ್ಲಿ ಮುಳುಗಿಹೋಗಿ, ಅದನ್ನೇ ಕೆಂದಳಿಲಿನ ಮರಿ ಎಂದು ಬರೆದುಬಿಡುತ್ತಾರೆ. ಪಟ್ಟೆ, ಗಾತ್ರ, ಬಾಲ ಈ ಮೂರೂ ಒಳ್ಳೆಯ ಗುರುತುಗಳೇ. ಆದರೆ ಒಂದೊಂದೂ ಉತ್ತರಿಸುವ ಪ್ರಶ್ನೆ ಬೇರೆ. ಅವನ್ನು ಸರಿಯಾದ ಕ್ರಮದಲ್ಲಿ ಕೇಳದಿದ್ದರೆ ಎಷ್ಟು ಚೆಂದದ ಫೋಟೋ ಇದ್ದರೂ ಹೆಸರು ತಪ್ಪುತ್ತದೆ.

ಮೊದಲು ಪಟ್ಟೆ. ರಾಮ ಬೆನ್ನು ಸವರಿದ ಕಥೆಯಲ್ಲಿ ಬರುವುದು ಮೂರು ಗೆರೆ, ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅಂಗಳದ ಅಳಿಲಿಗೂ ಇರುವುದು ಮೂರು ಬಿಳಿ ಗೆರೆ. ಈ ಮೂರೂ ಒಟ್ಟಿಗೆ ಕಾಣುವುದು ಮೇಲಿನಿಂದ ಅಥವಾ ಹಿಂದಿನಿಂದ ನೋಡಿದಾಗ ಮಾತ್ರ. ಪಕ್ಕದಿಂದ ತೆಗೆದ ಫೋಟೋದಲ್ಲಿ ನಡು ಗೆರೆ ಮತ್ತು ನಮ್ಮ ಕಡೆಯ ಗೆರೆ, ಹೀಗೆ ಎರಡೇ ಸಿಗುತ್ತವೆ. ಕೆಲವೊಮ್ಮೆ ಒಂದೇ. ಎಣಿಸುವಾಗ ತಿಳಿ ಬಣ್ಣದ ಗೆರೆಗಳನ್ನಷ್ಟೇ ಎಣಿಸಬೇಕು. ನಡುವಿನ ಕಪ್ಪು ಪಟ್ಟಿಗಳನ್ನೂ ಸೇರಿಸಿ ಐದು ಎಂದು ಬರೆಯುವವರಿದ್ದಾರೆ. ಆಗ ಅದು ಉತ್ತರದ ಒಣ ನಾಡಿನ ಐದು ಪಟ್ಟೆಯ ಅಳಿಲಾಗಿಬಿಡುತ್ತದೆ. ಅದು ಬೇರೆಯೇ ಜಾತಿ. ಅದರ ಹೆಚ್ಚುವರಿ ಎರಡು ಗೆರೆಗಳೂ ಬಿಳಿಯವೇ, ಪಕ್ಕೆಯ ಕೆಳಭಾಗದಲ್ಲಿ ಇರುತ್ತವೆ.

ಕಡೂರು, ಅರಸೀಕೆರೆ ಕಡೆಯ ತೆಂಗಿನ ತೋಟದ ಅಳಿಲಿನಲ್ಲಿ ಗೆರೆಗಳು ಅಗಲವಾಗಿ, ಎದ್ದು ಕಾಣುತ್ತವೆ. ಘಟ್ಟದ ಕಡೆಗೆ ಹೋದಂತೆ ಕಾಫಿ ತೋಟ, ಕಾಡಂಚುಗಳಲ್ಲಿ ಸಿಗುವುದು ಅದರ ದಾಯಾದಿಯಾದ ಕಾಡಿನ ಪಟ್ಟೆ ಅಳಿಲು. ಇದರ ಮೈ ಹೆಚ್ಚು ಕಪ್ಪು, ಗೆರೆಗಳು ಸಣ್ಣ, ಹಣೆಯ ಮೇಲೆ ಕಂದುಗೆಂಪು ಛಾಯೆ. ನೆರಳು ದಟ್ಟವಾದ ತೋಟದಲ್ಲಿ ಮೊಬೈಲಿನಿಂದ ತೆಗೆದರೆ ಈ ಸಣ್ಣ ಗೆರೆಗಳೇ ಮೊದಲು ಮಾಯವಾಗುವುದು. ಹಾಗಾಗಿ ಪಟ್ಟೆ ಇಲ್ಲ ಎಂದು ಹೇಳುವ ಮೊದಲು ಫೋಟೋದ ಎಡಿಟ್ ಆಯ್ಕೆಯಲ್ಲಿ ನೆರಳಿನ ಭಾಗವನ್ನಷ್ಟೇ ಬೆಳಗಿಸಿ, ಭುಜದಿಂದ ಬಾಲದ ಬುಡದವರೆಗೆ ನೋಡಿ. ಗೆರೆ ಇದ್ದರೆ ಬಹುಪಾಲು ಸಲ ಅಲ್ಲೆಲ್ಲಾದರೂ ಒಂದು ತುಣುಕಾದರೂ ಹೊರಬರುತ್ತದೆ. ಉದ್ದುದ್ದ ತಿಳಿಗೆರೆ ಒಂದೇ ಒಂದು ಸ್ಪಷ್ಟವಾಗಿ ಕಂಡರೂ ಪ್ರಶ್ನೆ ಮುಗಿಯಿತು. ಕೆಂದಳಿಲಿಗಾಗಲಿ ಹಾರುವ ಅಳಿಲಿಗಾಗಲಿ ಬೆನ್ನಿನ ಮೇಲೆ ಅಂಥ ಗೆರೆ ಇರುವುದಿಲ್ಲ. ಗೆರೆ ಕಾಣದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ, ಮುಂದಿನ ಪ್ರಶ್ನೆಗೆ ಹೋಗಬೇಕು.

ಮುಂದಿನದು ಗಾತ್ರ. ಪಟ್ಟೆ ಅಳಿಲಿನ ಮೂತಿಯಿಂದ ಬಾಲದ ಬುಡದವರೆಗೆ ಸುಮಾರು 15 ಸೆಂಟಿಮೀಟರ್, ತೂಕ ನೂರು ಗ್ರಾಂನ ಆಸುಪಾಸು. ಕೆಂದಳಿಲಿನ ಮೈ 35ರಿಂದ 40 ಸೆಂಟಿಮೀಟರ್, ತೂಕ ಒಂದೂವರೆಯಿಂದ ಎರಡು ಕಿಲೋ. ದೊಡ್ಡ ಹಾರುವ ಅಳಿಲಿನ ಮೈ ಸುಮಾರು 40 ಸೆಂಟಿಮೀಟರ್. ಇಲ್ಲೇ ಮುಖ್ಯ ವಿಷಯ ಅಡಗಿದೆ. ಗಾತ್ರ ಎಂಬುದು ಪಟ್ಟೆ ಅಳಿಲನ್ನು ಉಳಿದೆರಡರಿಂದ ಬೇರ್ಪಡಿಸುತ್ತದೆ, ಆ ಎರಡನ್ನು ಒಂದರಿಂದ ಒಂದು ಬೇರ್ಪಡಿಸುವುದಿಲ್ಲ. ‘ದೊಡ್ಡದಾಗಿದೆ, ಆದ್ದರಿಂದ ಹಾರುವ ಅಳಿಲು’ ಎಂಬ ಮಾತು ಬಿದ್ದುಹೋಗುವುದು ಈ ಜಾಗದಲ್ಲಿ.

ಫೋಟೋದಲ್ಲಿ ಗಾತ್ರ ಅಳೆಯುವುದಕ್ಕೆ ಪ್ರಾಣಿಯ ಪಕ್ಕದಲ್ಲೇ ಅಳತೆ ಗೊತ್ತಿರುವ ವಸ್ತು ಬೇಕು. ಪಕ್ಕದಲ್ಲಿ ಎಂದರೆ ಕ್ಯಾಮೆರಾದಿಂದ ಅಷ್ಟೇ ದೂರದಲ್ಲಿ. ಹತ್ತಡಿ ಮುಂದಿರುವ ಎಲೆಗೆ ಹೋಲಿಸಿದರೆ ಹಿಂದಿನ ಅಳಿಲು ಕುಗ್ಗಿ ಕಾಣುತ್ತದೆ. ದೂರದಿಂದ ಜೂಮ್ ಹಾಕಿ ತೆಗೆದ ಚಿತ್ರದಲ್ಲಿ ಹಿಂದು ಮುಂದಿನದೆಲ್ಲ ಒತ್ತಟ್ಟಿಗೆ ಬಂದಂತೆ ಕಾಣುವುದರಿಂದ ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯುವುದೇ ಕಷ್ಟ. ಎಲೆಗಳನ್ನು ನಂಬುವುದೂ ಕಷ್ಟ, ಒಂದೇ ಗಿಡದಲ್ಲಿ ಎಳೆಯದು ಬಲಿತದ್ದು ಎರಡೂ ಇರುತ್ತವೆ. ಎಲ್ಲಕ್ಕಿಂತ ಭದ್ರವಾದ ಅಳತೆಗೋಲು ಪ್ರಾಣಿ ಕೂತ ಕೊಂಬೆಯೇ. ಅದು ಹೋದ ಮೇಲೆ, ಏಣಿ ಹಾಕಿ ತಲುಪುವಷ್ಟು ತಗ್ಗಿನಲ್ಲಿದ್ದರೆ, ಕೂತಿದ್ದ ಜಾಗದಲ್ಲಿ ಕೊಂಬೆಯ ದಪ್ಪವನ್ನು ಟೇಪಿನಲ್ಲಿ ಅಳೆದುಕೊಳ್ಳಬಹುದು.

ಒಂದು ಲೆಕ್ಕ ಮಾಡಿ ನೋಡೋಣ. ಹಲಸಿನ ಮರದ ಕೊಂಬೆಯ ಮೇಲೆ ಕಪ್ಪಾಗಿ ಕಾಣುವ ಪ್ರಾಣಿ, ಬಾಲ ಕೆಳಗೆ ಜೋತುಬಿದ್ದಿದೆ, ಹಿನ್ನೆಲೆಯಲ್ಲಿ ಬೆಳ್ಳನೆಯ ಆಕಾಶ, ಬೆನ್ನಿನ ಬಣ್ಣವೇ ತಿಳಿಯುವುದಿಲ್ಲ ಎಂದುಕೊಳ್ಳಿ. ಕೊಂಬೆ ಅಳೆದರೆ 8 ಸೆಂಟಿಮೀಟರ್ ದಪ್ಪ, ಫೋಟೋದಲ್ಲಿ ಅದೇ ಜಾಗ 74 ಪಿಕ್ಸೆಲ್. ಮೂತಿಯಿಂದ ಬಾಲದ ಬುಡಕ್ಕೆ 345 ಪಿಕ್ಸೆಲ್. 345ನ್ನು 74ರಿಂದ ಭಾಗಿಸಿ 8ರಿಂದ ಗುಣಿಸಿದರೆ ಮೈ ಸುಮಾರು 37 ಸೆಂಟಿಮೀಟರ್. ಪಟ್ಟೆ ಅಳಿಲು ಇಲ್ಲಿಗೆ ಹೊರಹೋಯಿತು. ಬಾಲವನ್ನು ಅದರ ಬಾಗಿನ ಗುಂಟ ಅಳೆದರೆ 520 ಪಿಕ್ಸೆಲ್, ಅಂದರೆ ಸುಮಾರು 56 ಸೆಂಟಿಮೀಟರ್. ಬಾಲ ಮೈಗಿಂತ ಒಂದೂವರೆ ಪಟ್ಟು ಉದ್ದ.

ಈ ಅನುಪಾತ ಕೆಂದಳಿಲಿನ ಕಡೆಗೆ ಬೊಟ್ಟು ಮಾಡುತ್ತದೆ. ಪಟ್ಟೆ ಅಳಿಲಿನಲ್ಲಿ ಬಾಲವೂ ಮೈಯೂ ಹೆಚ್ಚುಕಡಿಮೆ ಸಮ. ದೊಡ್ಡ ಹಾರುವ ಅಳಿಲಿನಲ್ಲಿ ಬಾಲ ಮೈಗಿಂತ ತುಸು ಉದ್ದ. ಕೆಂದಳಿಲಿನಲ್ಲಿ ಬಾಲ ಎದ್ದು ಕಾಣುವಷ್ಟು ಉದ್ದ. ಅನುಪಾತದ ಅನುಕೂಲವೆಂದರೆ ಕೊಂಬೆ ಅಳೆಯಲು ಆಗದಿದ್ದರೂ ಅದು ಸಿಗುತ್ತದೆ, ಎರಡೂ ಅಳತೆ ಒಂದೇ ಪ್ರಾಣಿಯದ್ದಲ್ಲವೇ. ಆದರೆ ಇದು ನಡೆಯುವುದು ಪ್ರಾಣಿ ಪೂರ್ತಿ ಪಕ್ಕಕ್ಕೆ ತಿರುಗಿದ್ದಾಗ ಮಾತ್ರ. ಮುಖ ನಮ್ಮತ್ತ ಇದ್ದರೆ ಮೈ ಚಿಕ್ಕದಾಗಿ ಬಾಲ ಉದ್ದವಾಗಿ ಕಾಣುತ್ತದೆ. ಬಾಲ ಹಿಂದಕ್ಕೆ ಚಾಚಿದ್ದರೆ ಅದು ಮೋಟಾಗುತ್ತದೆ. ಅಂಥ ಚಿತ್ರದಲ್ಲಿ ಅಳೆಯುವುದೇ ಬೇಡ. ಅಲ್ಲದೆ ಒಂದೂವರೆಗೂ ಒಂದೂಕಾಲಿಗೂ ನಡುವಿನ ವ್ಯತ್ಯಾಸ ಬಾಲದ ಬುಡವನ್ನು ಎಲ್ಲಿ ಗುರುತಿಸಿದಿರಿ ಎಂಬುದರ ಮೇಲೆಯೇ ಅಳಿಸಿಹೋಗಬಹುದು, ಬುಡದ ಕೂದಲು ಅಷ್ಟು ದಟ್ಟ. ಆದ್ದರಿಂದ ನಮ್ಮ ಹಲಸಿನ ಮರದ ಚಿತ್ರಕ್ಕೆ ಇನ್ನೂ ಒಂದೆರಡು ಸಾಕ್ಷಿ ಬೇಕು.

ಮೊದಲ ಸಾಕ್ಷಿ ಬಾಲದ ಬಣ್ಣ. ಕೆಂದಳಿಲಿನ ಬೆನ್ನು ಕೆಂಪು ಮಿಶ್ರಿತ ಕಂದು, ಭುಜ ಮತ್ತು ಸೊಂಟದ ಕಡೆ ಕಪ್ಪು, ಹೊಟ್ಟೆ ಮತ್ತು ಮುಂಗಾಲಿನ ಒಳಭಾಗ ಕೆನೆ ಬಣ್ಣ. ಬಾಲ ಕಪ್ಪಾಗಿದ್ದು ತುದಿ ಎಷ್ಟೋ ಸಲ ತಿಳಿಯಾಗಿರುತ್ತದೆ. ಹೀಗೆ ಎರಡು ಬಣ್ಣ ಕಂಡರೆ ಒಳ್ಳೆಯ ಗುರುತು. ಆದರೆ ಬಾಲದ ಬಣ್ಣ ಊರಿಂದೂರಿಗೆ ಬದಲಾಗುತ್ತದೆ, ತೆಂಕಣ ಘಟ್ಟದಲ್ಲಿ ಪೂರ್ತಿ ಕಪ್ಪು ಬಾಲದವೂ ಇವೆ. ತುದಿ ತಿಳಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಕೆಂದಳಿಲನ್ನು ತಳ್ಳಿಹಾಕಬಾರದು. ದೊಡ್ಡ ಹಾರುವ ಅಳಿಲಿನ ಮೈ ಬೂದು ಅಥವಾ ಕಪ್ಪುಗಂದು, ಕೂದಲ ತುದಿಗಳು ಬೆಳ್ಳಗಿರುವುದರಿಂದ ಬೂದಿ ಚಿಮುಕಿಸಿದಂತೆ ಕಾಣುತ್ತದೆ. ಬಾಲ ಬುಡದಿಂದ ತುದಿಯವರೆಗೆ ಸಮ ದಪ್ಪ, ಉರುಟು. ದಕ್ಷಿಣದ ಘಟ್ಟಗಳಲ್ಲಿ ಇರುವ ಸಣ್ಣ ಜಾತಿಯ ಹಾರುವ ಅಳಿಲಿನ ಬಾಲ ಮಾತ್ರ ಹಕ್ಕಿಯ ಗರಿಯಂತೆ ಚಪ್ಪಟೆ.

ಎರಡನೆಯ ಸಾಕ್ಷಿ ಪಕ್ಕೆ. ಹಾರುವ ಅಳಿಲಿಗೆ ಮುಂಗಾಲಿನ ಮಣಿಕಟ್ಟಿನಿಂದ ಹಿಂಗಾಲಿನ ಹರಡಿನವರೆಗೆ ಕೂದಲು ಮುಚ್ಚಿದ ಚರ್ಮದ ಪರದೆ ಇದೆ. ಕೂತಾಗ ಅದು ಮಡಿಸಿದ ಶಾಲಿನಂತೆ ಪಕ್ಕೆಯ ಉದ್ದಕ್ಕೂ ಸಡಿಲವಾಗಿ ಬಿದ್ದಿರುತ್ತದೆ, ಅದರ ಅಂಚು ಅಲೆಅಲೆಯಾಗಿ ಕಾಣುತ್ತದೆ. ಕೆಂದಳಿಲಿನ ಹೊಟ್ಟೆಯ ಅಂಚು ನೇರ ಗೆರೆ. ಕಪ್ಪು ಆಕೃತಿ ಮಾತ್ರ ಕಾಣುವ ಚಿತ್ರದಲ್ಲೂ ಇದನ್ನು ನೋಡಬಹುದು. ಹಲಸಿನ ಮರದ ನಮ್ಮ ಚಿತ್ರದಲ್ಲಿ ಮೊಣಕೈಗೂ ಪಕ್ಕೆಗೂ ನಡುವೆ ಆಕಾಶದ ಬೆಳಕು ತೂರಿ ಬಂದಿದ್ದರೆ, ಅಲ್ಲಿ ಪರದೆ ಇಲ್ಲ. ಜಿಗಿಯುತ್ತಿರುವ ಫೋಟೋಗಳಿಗಂತೂ ಇದೇ ಕೊನೆಯ ಮಾತು. ಕೆಂದಳಿಲು ಒಂದು ಮರದಿಂದ ಇನ್ನೊಂದಕ್ಕೆ ಆರು ಮೀಟರಿನಷ್ಟು ಹಾರಬಲ್ಲದು, ಆಗ ನಾಲ್ಕೂ ಕಾಲು ಚಾಚಿರುತ್ತದೆ. ಅದನ್ನು ಕಂಡು ‘ಹಾರುವ ಅಳಿಲು’ ಎನ್ನುವುದು ಸಹಜ. ಕಾಲು ಕಾಲುಗಳ ನಡುವೆ ಹಿಂದಿನ ಎಲೆ ಕಂಡರೆ ಕೆಂದಳಿಲು, ಅಲ್ಲಿ ಚೌಕದ ಬಟ್ಟೆ ಹರಡಿದಂತೆ ತುಂಬಿಕೊಂಡಿದ್ದರೆ ಹಾರುವ ಅಳಿಲು. ಇಳಿಯುವ ಜಾಗವೂ ಬೇರೆ: ಕೆಂದಳಿಲು ತುದಿಯ ರೆಂಬೆಗಳನ್ನು ಹಿಡಿಯುತ್ತದೆ, ಹಾರುವ ಅಳಿಲು ಮೇಲಿನಿಂದ ತೇಲಿ ಬಂದು ಬೊಡ್ಡೆಗೆ ಅಂಟಿಕೊಳ್ಳುತ್ತದೆ.

ಮೂರನೆಯದು ಗಂಟೆ. ಕೆಂದಳಿಲು ಹಗಲಿನದು, ಬೆಳಗ್ಗೆ ಮತ್ತು ಸಂಜೆ ಚುರುಕು, ನಡುಹಗಲು ಕೊಂಬೆಯ ಮೇಲೆ ಹೊಟ್ಟೆ ಊರಿ ಮಲಗುತ್ತದೆ. ಹಾರುವ ಅಳಿಲು ಪೊಟರೆ ಬಿಟ್ಟು ಹೊರಡುವುದು ಕತ್ತಲಾದ ಮೇಲೆ. ಮಧ್ಯಾಹ್ನ ಮೂರಕ್ಕೆ ಬಯಲಿನಲ್ಲಿ ಹಲಸು ತಿನ್ನುತ್ತಿದ್ದರೆ ಅದನ್ನು ಹಾರುವ ಅಳಿಲು ಎನ್ನಲು ಬಹಳ ಗಟ್ಟಿಯಾದ ಬೇರೆ ಕಾರಣ ಬೇಕು. ಗೊಂದಲವಿರುವುದು ಮುಸ್ಸಂಜೆಯ ಅರ್ಧ ಗಂಟೆಯಲ್ಲಿ. ಅದಕ್ಕಾಗಿ ಮೂಲ ಫೈಲನ್ನೇ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯದ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ. ಕ್ಯಾಮೆರಾದ ಗಡಿಯಾರ ಸರಿ ಇದೆಯೇ ಎಂದು ಅದೇ ದಿನದ ಇನ್ನೊಂದು ಚಿತ್ರದಿಂದ ಖಚಿತಮಾಡಿಕೊಳ್ಳಿ.

ಬಾಲವೇ ಕಾಣದ ಚಿತ್ರಗಳೂ ಬರುತ್ತವೆ, ಪೊಟರೆಯಿಂದ ಬರೀ ತಲೆ ಇಣುಕಿರುವಂಥವು. ಆಗ ಕಿವಿ ಮತ್ತು ಕಣ್ಣು ನೋಡಬೇಕು. ಕೆಂದಳಿಲಿನ ಕಿವಿಯ ತುದಿಯಲ್ಲಿ ಕೂದಲ ಸಣ್ಣ ಜೊಂಪೆ ಇರುತ್ತದೆ, ಮುಖದ ಕೆಳಭಾಗ ತಿಳಿ ಬಣ್ಣ, ಕಣ್ಣು ಮುಖಕ್ಕೆ ತಕ್ಕಷ್ಟು. ಹಾರುವ ಅಳಿಲಿಗೆ ಅಂಥ ಜೊಂಪೆ ಇಲ್ಲ, ಕಣ್ಣುಗಳು ಮುಖಕ್ಕೆ ಮೀರಿದಷ್ಟು ದೊಡ್ಡವು, ರಾತ್ರಿ ಟಾರ್ಚಿನ ಬೆಳಕಿಗೆ ಕೆಂಪಗೆ ಹೊಳೆಯುತ್ತವೆ. ಗೂಡೂ ಸಹಾಯ ಮಾಡುತ್ತದೆ. ಕೆಂದಳಿಲು ಎಲೆ ಕಡ್ಡಿ ಸೇರಿಸಿ ಎತ್ತರದ ಕವಲಿನಲ್ಲಿ ದೊಡ್ಡ ಉಂಡೆಯಂಥ ಗೂಡು ಕಟ್ಟುತ್ತದೆ, ಒಂದೇ ಪ್ರಾಣಿಗೆ ಅಂಥ ಹಲವು ಗೂಡುಗಳಿರುತ್ತವೆ. ಹಾರುವ ಅಳಿಲು ಹಗಲು ಕಳೆಯುವುದು ಹಳೆಯ ಮರದ ಪೊಟರೆಯಲ್ಲಿ. ತೋಟದಲ್ಲಿ ನೆರಳು ಮರ ಕಪಾತು ಮಾಡುವ ಮುನ್ನ ಪೊಟರೆಯ ಬಾಯಿಯ ಅಂಚು ಉಜ್ಜಿ ನುಣುಪಾಗಿದೆಯೇ ಎಂದು ನೋಡಿ. ನುಣುಪಾಗಿದ್ದರೆ ಒಳಗೆ ಯಾವುದೋ ಪ್ರಾಣಿ ಓಡಾಡುತ್ತಿದೆ. ಅದು ಯಾವುದೆಂದು ತಿಳಿಯಬೇಕಾದರೆ ಸೂರ್ಯ ಮುಳುಗಿದ ಮೇಲೆ ದೂರದಲ್ಲಿ ಸದ್ದಿಲ್ಲದೆ ನಿಂತು, ಹೊರಬರುವಾಗ ಪಕ್ಕದಿಂದ ಒಂದೇ ಒಂದು ಫೋಟೋ ತೆಗೆದರೆ ಸಾಕು, ಪಕ್ಕೆಯ ಮಡಿಕೆ ಅದರಲ್ಲೇ ಸಿಗುತ್ತದೆ.