ನಲವತ್ತರಿಂದ ಹದಿನಾರು: ಸ್ವಮೌಲ್ಯಮಾಪನದ ಮೇಲ್‌ನಲ್ಲಿ ಅಂಕಿ ನಿಲ್ಲುವುದು ಹೇಗೆ

ಮಾರ್ಚ್ ಬಂತೆಂದರೆ ನಮ್ಮ ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದೇ ಪ್ರಶ್ನೆ ಹತ್ತಾರು ಬಾಯಿಂದ ಬರುತ್ತದೆ: ‘ವಾರ್ಷಿಕ ಮೌಲ್ಯಮಾಪನಕ್ಕೆ ಮುಂಚೆ ಮ್ಯಾನೇಜರ್‌ಗೆ ಏನೆಂದು ಬರೆಯಲಿ?’ ನಾನು ಮೊದಲು ವಿವರಿಸುವುದು ಆ ಮೇಲ್ ಹೋಗಿ ಸೇರುವ ಜಾಗವನ್ನು. ಅದನ್ನು ಓದುವುದು ನಿಮ್ಮ ಮ್ಯಾನೇಜರ್ ಒಬ್ಬರೇ ಅಲ್ಲ. ಹೆಚ್ಚಿನ ಕಂಪನಿಗಳಲ್ಲಿ ಅವರು ಕೊಟ್ಟ ರೇಟಿಂಗ್ ತಾತ್ಕಾಲಿಕ. ಆಮೇಲೆ ಎಲ್ಲ ವಿಭಾಗಗಳ ಮುಖ್ಯಸ್ಥರು ಒಂದು ಕೋಣೆಯಲ್ಲಿ ಕೂತು ರೇಟಿಂಗ್‌ಗಳನ್ನು ಹೋಲಿಸಿ ನೋಡುತ್ತಾರೆ. ಅಲ್ಲಿ ನೀವಿರುವುದಿಲ್ಲ. ನಿಮ್ಮ ಪರವಾಗಿ ಮಾತಾಡಲು ಮ್ಯಾನೇಜರ್‌ಗೆ ಸಿಗುವುದು ಎರಡು ಮೂರು ನಿಮಿಷ. ಆ ಹೊತ್ತಿಗೆ ಅವರ ಕೈಯಲ್ಲಿ ಇರಬೇಕಾದದ್ದು ನಿಮ್ಮ ಮೇಲ್.

ಕಳೆದ ವರ್ಷ ನಮ್ಮ ಲೆಕ್ಕಪತ್ರ ವಿಭಾಗದಲ್ಲಿ ಪೂರೈಕೆದಾರರ ಬಿಲ್ ನೋಡಿಕೊಳ್ಳುವ ಯುವತಿಯೊಬ್ಬರು ಕರಡು ಹಿಡಿದು ಬಂದರು. ಮೊದಲ ಸಾಲು: ‘ವಿಳಂಬ ಪಾವತಿಯನ್ನು ಶೇ. 60ರಷ್ಟು ಇಳಿಸಿದ್ದೇನೆ.’ ನಾನು ಕೇಳಿದೆ, ‘ಎಷ್ಟಿದ್ದದ್ದು ಎಷ್ಟಾಯಿತು?’ ಅವರಿಗೆ ತಕ್ಷಣ ಹೇಳಲಾಗಲಿಲ್ಲ. ಶೇಕಡಾವಾರು ಒಂದೇ ಇದ್ದರೆ ಇದೇ ತೊಂದರೆ. ಐದರಿಂದ ಎರಡಕ್ಕೆ ಇಳಿದರೂ ಶೇ. 60, ಐನೂರರಿಂದ ಇನ್ನೂರಕ್ಕೆ ಇಳಿದರೂ ಶೇ. 60.

ಇಬ್ಬರೂ ಕೂತು ತಿಂಗಳವಾರು ಪಟ್ಟಿ ತೆಗೆದೆವು. ಸಣ್ಣ ಪೂರೈಕೆದಾರರ ಬಿಲ್ ತಿಂಗಳಿಗೆ ಸುಮಾರು 300 ಬರುತ್ತಿದ್ದವು. ಏಪ್ರಿಲ್–ಜೂನ್‌ನಲ್ಲಿ ತಿಂಗಳಿಗೆ ಸರಾಸರಿ 40 ಬಿಲ್ 45 ದಿನ ದಾಟುತ್ತಿದ್ದವು. ಜನವರಿಯ ಹೊತ್ತಿಗೆ ಅವು 16ಕ್ಕೆ ಇಳಿದಿದ್ದವು. ಈ 45 ದಿನ ಸುಮ್ಮನೆ ಹಾಕಿಕೊಂಡ ಗಡುವಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಪಾವತಿ ಅದನ್ನು ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಇಷ್ಟು ದೊಡ್ಡ ಸಂಗತಿಯನ್ನು ಅವರು ಕರಡಿನಲ್ಲಿ ಬರೆದೇ ಇರಲಿಲ್ಲ. ದಿನಾ ಮಾಡುವ ಕೆಲಸದ ಬೆಲೆ ಮಾಡುವವರ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ತೊಡಕಿತ್ತು. ನವೆಂಬರ್‌ನಲ್ಲಿ ಕಂಪನಿ ಹೊಸ ಸಾಫ್ಟ್‌ವೇರ್ ತಂದಿತ್ತು. ಇಳಿಕೆ ಯಾರಿಂದ ಆಯಿತು? ಪಟ್ಟಿಯೇ ಉತ್ತರ ಕೊಟ್ಟಿತು. ಸಾಫ್ಟ್‌ವೇರ್ ಬರುವ ಮೊದಲೇ, ಅಕ್ಟೋಬರ್‌ನಲ್ಲಿ, ಸಂಖ್ಯೆ 22ಕ್ಕೆ ಬಂದಿತ್ತು. ಕಾರಣ ಸರಳ. ಬಿಲ್‌ಗಳು ನಿಲ್ಲುತ್ತಿದ್ದದ್ದು ಗೋದಾಮಿನಿಂದ ಸರಕು ಸ್ವೀಕೃತಿ ಚೀಟಿ ಬಾರದೆ. ಇವರು ಜುಲೈನಿಂದ ಪ್ರತಿ ಸೋಮವಾರ, ಹತ್ತು ದಿನವಾದರೂ ಚೀಟಿ ಬಾರದ ಬಿಲ್‌ಗಳ ಪಟ್ಟಿಯನ್ನು ಗೋದಾಮಿನ ಮೇಲ್ವಿಚಾರಕರಿಗೆ ಕಳುಹಿಸುತ್ತಿದ್ದರು.

ಕೊನೆಗೆ ಮೇಲ್‌ನಲ್ಲಿ ಹೋದದ್ದು ಹೀಗಿತ್ತು. ಮೂಲ ಇಂಗ್ಲಿಷ್, ಕನ್ನಡದಲ್ಲಿ ಕೊಡುತ್ತಿದ್ದೇನೆ:

‘45 ದಿನ ದಾಟುವ ಸಣ್ಣ ಪೂರೈಕೆದಾರರ ಬಿಲ್‌ಗಳು ತಿಂಗಳಿಗೆ 40ರಿಂದ 16ಕ್ಕೆ ಇಳಿದಿವೆ. ಅಕ್ಟೋಬರ್‌ವರೆಗಿನ ಇಳಿಕೆ (40ರಿಂದ 22) ಸೋಮವಾರದ ಪಟ್ಟಿಯಿಂದ. ನಂತರದ್ದರಲ್ಲಿ ಹೊಸ ಸಾಫ್ಟ್‌ವೇರ್‌ನ ಪಾಲೂ ಇದೆ. ತಿಂಗಳವಾರು ಹಾಳೆ ಲಗತ್ತಿಸಿದ್ದೇನೆ. ಪೂರೈಕೆದಾರರ ಖಾತೆ ತಾಳೆ ಗುರಿ 60 ಇತ್ತು, 41 ಮುಗಿದಿದೆ.’

ಕೊನೆಯ ವಾಕ್ಯ ಬರೆಯಲು ಅವರು ಬಹಳ ಹಿಂಜರಿದರು. ‘ಮೇಡಂ, ನಾನೇ ಯಾಕೆ ಹೇಳಿಕೊಳ್ಳಲಿ?’ ಎಂದರು. ಮ್ಯಾನೇಜರ್‌ಗೆ ಅದು ಗೊತ್ತೇ ಇರುತ್ತದೆ. ಮೇಲ್‌ನಲ್ಲಿ ಕಾಣದಿದ್ದರೆ ಉಳಿದ ಅಂಕಿಗಳ ಮೇಲೂ ಅವರಿಗೆ ಅನುಮಾನ ಬರುತ್ತದೆ. ಸಾಫ್ಟ್‌ವೇರ್‌ನ ಪಾಲು ಒಪ್ಪಿಕೊಳ್ಳುವುದೂ ಹಾಗೆಯೇ. ಆ ಕೋಣೆಯಲ್ಲಿ ಯಾರಾದರೂ ಅದನ್ನು ಕೇಳಿಯೇ ಕೇಳುತ್ತಾರೆ.

ಮುಂದಿನ ವರ್ಷದ ಗುರಿಗೆ ಅವರು ಮೊದಲು ಬರೆದದ್ದು ‘ವಿಳಂಬ ಸೊನ್ನೆಗೆ ತರುತ್ತೇನೆ’. ಉಳಿದ 16 ಬಿಲ್ ಬಿಡಿಸಿ ನೋಡಿದರೆ 9 ಗುಣಮಟ್ಟದ ತಕರಾರಿನವು, 7 ಮಾತ್ರ ಚೀಟಿ ತಡವಾದವು. ತಕರಾರು ತೀರಿಸುವುದು ಅವರ ಕೈಯಲ್ಲಿಲ್ಲ. ತನ್ನ ಕೈಯಲ್ಲಿಲ್ಲದ್ದನ್ನು ಗುರಿಯೆಂದು ಬರೆದುಕೊಟ್ಟರೆ ಮುಂದಿನ ಮಾರ್ಚ್‌ನಲ್ಲಿ ಅದೇ ಕಾಗದ ಅವರ ಎದುರು ನಿಲ್ಲುತ್ತದೆ. ಹಾಗಾಗಿ ಗುರಿಯನ್ನು ಸೀಳಿದೆವು: ಚೀಟಿಯಿಂದಾಗುವ ವಿಳಂಬ ಸೆಪ್ಟೆಂಬರ್ ಒಳಗೆ 7ರಿಂದ 2ಕ್ಕೆ. ತಕರಾರಿನ ಬಿಲ್‌ಗಳಿಗೆ ಗುಣಮಟ್ಟ ವಿಭಾಗ ಹತ್ತು ದಿನದೊಳಗೆ ತೀರ್ಮಾನ ಹೇಳುವಂತೆ ಮ್ಯಾನೇಜರ್ ಮಾತಾಡಿಕೊಡಬೇಕು ಎಂಬ ವಿನಂತಿ ಬೇರೆ ಸಾಲಿನಲ್ಲಿ.

ಇಡೀ ಮೇಲ್ ಮೊಬೈಲ್‌ನಲ್ಲಿ ಒಂದೆರಡು ಬಾರಿ ಸರಿಸಿದರೆ ಮುಗಿಯುವಷ್ಟು. ಮ್ಯಾನೇಜರ್ ರೇಟಿಂಗ್ ಸಲ್ಲಿಸುವ ದಿನವನ್ನು ಕೇಳಿಕೊಂಡು, ಅದಕ್ಕೆ ಒಂದು ವಾರ ಮೊದಲು ಕಳುಹಿಸಿದರು. ರೇಟಿಂಗ್ ಸಲ್ಲಿಕೆಯಾದ ಮೇಲೆ ಬರುವ ಮೇಲ್ ಎಷ್ಟೇ ಚೆನ್ನಾಗಿದ್ದರೂ ರೇಟಿಂಗ್ ಬದಲಿಸುವುದು ಕಷ್ಟ. ಇದನ್ನು ನಾನು ಪ್ರತಿ ವರ್ಷ ಸಂಕಟದಿಂದ ನೋಡುತ್ತೇನೆ.

ಸಭೆಯಲ್ಲಿ ನಾನೂ ಇದ್ದೆ. ಉತ್ಪಾದನಾ ವಿಭಾಗದ ಮುಖ್ಯಸ್ಥರು, ‘ಅದು ಹೊಸ ಸಾಫ್ಟ್‌ವೇರ್‌ನಿಂದ ಆದದ್ದಲ್ಲವೇ?’ ಎಂದು ಕೇಳಿದರು. ಮ್ಯಾನೇಜರ್ ಅಕ್ಟೋಬರ್‌ನ ಸಾಲನ್ನು ಓದಿ ಹೇಳಿದರು. ಮುಂದಿನ ಪ್ರಶ್ನೆ ಬರಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಆ ಯುವತಿ ಹೊಸ ಹಾಳೆಯೊಂದನ್ನು ತೆರೆದು, ಮೇಲಿನ ಸಾಲಿನಲ್ಲಿ ದಿನಾಂಕದ ಪಕ್ಕ ‘ಆರಂಭ: 16’ ಎಂದು ಬರೆದಿಟ್ಟರು.